ಮನೆ ಅದಲುಬದಲಾದ ಗ್ರಹಗಳು

ಇಂದಿರಾ ಗಾಂಧಿಯವರ ಜಾತಕವನ್ನು ನಮ್ಮ ಕಡೆಯ ಚೌಕದ ಕುಂಡಲಿಯಲ್ಲಿ ಬರೆದು ಮುಂದಿಟ್ಟುಕೊಂಡರೆ ಜ್ಯೋತಿಷ ಬಲ್ಲವರ ಕಣ್ಣು ಮೊದಲು ಹೋಗುವುದು ಲಗ್ನದ ಕಡೆಗೂ ಅಲ್ಲ, ರಾಹುವಿನ ಕಡೆಗೂ ಅಲ್ಲ. ಕಟಕದಲ್ಲಿ ಶನಿ ಕೂತಿದ್ದಾನೆ, ಶನಿಯ ಮನೆಯಾದ ಮಕರದಲ್ಲಿ ಕಟಕದ ಒಡೆಯ ಚಂದ್ರ ಇದ್ದಾನೆ. ಸಿಂಹದಲ್ಲಿ ಕುಜ, ಕುಜನ ಮನೆ ವೃಶ್ಚಿಕದಲ್ಲಿ ಸಿಂಹದ ಒಡೆಯ ರವಿ. ವೃಷಭದಲ್ಲಿ ಗುರು, ಗುರುವಿನ ಮನೆ ಧನುಸ್ಸಿನಲ್ಲಿ ವೃಷಭದ ಒಡೆಯ ಶುಕ್ರ. ಏಳು ಗ್ರಹಗಳಲ್ಲಿ ಆರು ಗ್ರಹಗಳು ಜೋಡಿ ಜೋಡಿಯಾಗಿ ಮನೆ ಬದಲಾಯಿಸಿಕೊಂಡಿವೆ. ಉಳಿದ ಬುಧನೊಬ್ಬ ವೃಶ್ಚಿಕದಲ್ಲಿ ರವಿಯ ಪಕ್ಕದಲ್ಲಿ ಒಂಟಿಯಾಗಿದ್ದಾನೆ. ಒಂದು ಜೋಡಿ ಹೀಗಿರುವ ಜಾತಕಗಳು ಬೇಕಾದಷ್ಟು ಸಿಗುತ್ತವೆ, ಮೂರು ಜೋಡಿ ಸಿಗುವುದು ಅಪರೂಪ. ಹಾಗಾಗಿಯೇ ಪರಿವರ್ತನ ಯೋಗದ ಮಾತು ಬಂದಾಗಲೆಲ್ಲ ಪಂಡಿತರು ಈ ಜಾತಕವನ್ನು ಎತ್ತಿಕೊಳ್ಳುತ್ತಾರೆ. ನಾನೂ ಅದನ್ನೇ ಹಿಡಿಯುತ್ತೇನೆ. ಬದುಕಿನ ಘಟನೆಗಳು ತಾರೀಖಿನ ಸಮೇತ ಎಲ್ಲರಿಗೂ ಗೊತ್ತಿರುವ ಜಾತಕವಾದ್ದರಿಂದ ಹೇಳಿದ್ದನ್ನು ತಾಳೆ ನೋಡುವುದು ಸುಲಭ.

ಒಂದು ಗ್ರಹದ ರಾಶಿಯಲ್ಲಿ ಇನ್ನೊಂದು, ಇನ್ನೊಂದರ ರಾಶಿಯಲ್ಲಿ ಇದು, ಹೀಗೆ ಕೂತರೆ ಅದು ಪರಿವರ್ತನೆ. ಇದನ್ನು ನೋಡಲು ಬೇಕಾದದ್ದು ರಾಶಿಗಳ ಒಡೆತನದ ಪಟ್ಟಿ ಮಾತ್ರ. ಸಿಂಹ ರವಿಯದು, ಕಟಕ ಚಂದ್ರನದು. ಉಳಿದ ಐವರಿಗೆ ಎರಡೆರಡು ಮನೆ: ಮೇಷ-ವೃಶ್ಚಿಕ ಕುಜನವು, ವೃಷಭ-ತುಲಾ ಶುಕ್ರನವು, ಮಿಥುನ-ಕನ್ಯಾ ಬುಧನವು, ಧನುಸ್ಸು-ಮೀನ ಗುರುವಿನವು, ಮಕರ-ಕುಂಭ ಶನಿಯವು. ರಾಹು ಕೇತುಗಳಿಗೆ ಎಲ್ಲರೂ ಒಪ್ಪುವ ಸ್ವಂತ ಮನೆಯಿಲ್ಲ. ಅದಕ್ಕೇ ಅವರು ಪರಿವರ್ತನೆಯ ಲೆಕ್ಕಕ್ಕೆ ಸೇರುವುದಿಲ್ಲ. ಈಚೆಗೆ ಕುಂಭವನ್ನು ರಾಹುವಿಗೆ ಕೊಟ್ಟು "ರಾಹು-ಶನಿ ಪರಿವರ್ತನೆ" ಎಂದು ಬರೆಯುವವರಿದ್ದಾರೆ. ಅದನ್ನು ಬದಿಗಿಡುವುದು ಒಳ್ಳೆಯದು.

ಇದರಿಂದ ಕಷ್ಟದ ಸ್ಥಾನ ಹೇಗೆ ಹಗುರಾಗುತ್ತದೆ ಎಂಬುದು ಮುಖ್ಯವಾದ ಪ್ರಶ್ನೆ. ಶಾಸ್ತ್ರದ ಪ್ರಕಾರ, ಪರರ ಮನೆಯಲ್ಲಿರುವ ಗ್ರಹದ ಫಲ ಆ ಮನೆಯ ಒಡೆಯನ ಸ್ಥಿತಿಯನ್ನು ಅವಲಂಬಿಸಿರುತ್ತದೆ. ಬಾಡಿಗೆದಾರನ ಸುಖದುಃಖ ಮಾಲೀಕನ ಕೈಯಲ್ಲಿರುವ ಹಾಗೆ. ಮಾಲೀಕ ಚೆನ್ನಾಗಿದ್ದರೆ ಸೋರುವ ಮಾಡು ರಿಪೇರಿಯಾಗುತ್ತದೆ. ಅವನೇ ಸಾಲಸೋಲದಲ್ಲಿದ್ದರೆ ಬಾಡಿಗೆದಾರನ ಗೋಳು ಕೇಳುವವರಿಲ್ಲ. ಸಾಮಾನ್ಯ ಜಾತಕದಲ್ಲಿ ಈ ಅವಲಂಬನೆ ಸರಪಳಿಯಾಗಿ ಸಾಗುತ್ತದೆ: ಶುಕ್ರ ಗುರುವಿನ ಮನೆಯಲ್ಲಿ, ಗುರು ಬುಧನ ಮನೆಯಲ್ಲಿ, ಬುಧ ಶನಿಯ ಮನೆಯಲ್ಲಿ. ಕೊನೆಗೆ ಎಲ್ಲೋ ಒಂದು ಗ್ರಹ ಸ್ವಕ್ಷೇತ್ರದಲ್ಲಿದ್ದರೆ ಅಲ್ಲಿ ನಿಲ್ಲುತ್ತದೆ. ಪರಿವರ್ತನೆಯಲ್ಲಿ ಮಾತ್ರ ಸರಪಳಿ ಎರಡೇ ಕೊಂಡಿಗೆ ಮುಗಿದು ಉಂಗುರವಾಗುತ್ತದೆ. ನನ್ನ ಮನೆಯಲ್ಲಿ ನೀನು, ನಿನ್ನ ಮನೆಯಲ್ಲಿ ನಾನು. ಇಬ್ಬರೂ ಮಾಲೀಕರು, ಇಬ್ಬರೂ ಬಾಡಿಗೆದಾರರು. ಒಬ್ಬ ಇನ್ನೊಬ್ಬನ ಮನೆ ಹಾಳುಮಾಡಿದರೆ ತನ್ನ ಮನೆಯೂ ಹಾಳಾಗುವ ಪರಿಸ್ಥಿತಿ. ಶತ್ರುಗಳಾಗಿದ್ದರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲೇಬೇಕು.

ಈ ತರ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕುಜ-ಚಂದ್ರರ ಒಂದು ಜೋಡಿಯಲ್ಲಿ. ಕಟಕ ಕುಜನಿಗೆ ನೀಚ ರಾಶಿ, ವೃಶ್ಚಿಕ ಚಂದ್ರನಿಗೆ ನೀಚ ರಾಶಿ. ಕುಜ ಕಟಕದಲ್ಲಿದ್ದು ಅದೇ ಹೊತ್ತಿಗೆ ಚಂದ್ರ ವೃಶ್ಚಿಕಕ್ಕೆ ಬಂದರೆ ಇಬ್ಬರೂ ನೀಚರು, ಇಬ್ಬರೂ ಪರಿವರ್ತನೆಯಲ್ಲಿ. ಕುಜ ಸಾಮಾನ್ಯವಾಗಿ ಒಂದು ರಾಶಿಯಲ್ಲಿ ಒಂದೂವರೆ ತಿಂಗಳು ಇರುತ್ತಾನೆ. ಚಂದ್ರ ವೃಶ್ಚಿಕವನ್ನು ದಾಟುವುದು ಎರಡೂಕಾಲು ದಿನದಲ್ಲಿ. ಆ ಎರಡೂಕಾಲು ದಿನದಲ್ಲಿ ಹುಟ್ಟಿದ ಮಗುವಿನ ಜಾತಕವನ್ನು ಮೇಲಿಂದ ಮೇಲೆ ನೋಡುವವನು ಎರಡು ನೀಚ ಗ್ರಹ ಕಂಡು ತಾಯಿತಂದೆಯರನ್ನು ಹೆದರಿಸಿಬಿಡಬಹುದು. ಬಲ್ಲವನು ಹಾಗೆ ಮಾಡುವುದಿಲ್ಲ. ಮನಸ್ಸಿನ ಕಾರಕ ಚಂದ್ರ ಕಳವಳದ ಜಾಗದಲ್ಲಿದ್ದಾನೆ, ನಿಜ. ಧೈರ್ಯದ ಕಾರಕ ಕುಜ ಹಿಂಜರಿಯುವ ಜಾಗದಲ್ಲಿದ್ದಾನೆ, ಅದೂ ನಿಜ. ಆದರೆ ಕಳವಳಗೊಂಡ ಮನಸ್ಸಿಗೆ ಆಸರೆ ಕೊಡಬೇಕಾದವನು ಕುಜನೇ, ಹಿಂಜರಿಯುವ ಧೈರ್ಯಕ್ಕೆ ಮನೆ ಕೊಟ್ಟವನು ಚಂದ್ರನೇ. ಹೆದರಿಕೆ ಇದ್ದೂ ಕೆಲಸ ಮಾಡುವವರ, ಒಳಗೆ ಅಳುತ್ತಲೇ ಹೊರಗೆ ನಿಭಾಯಿಸುವವರ ಜಾತಕ ಎಂದು ಇದನ್ನು ಓದುವುದು ವಾಡಿಕೆ. ಹೆದರಿಕೆ ಇರುವುದೇ ಇಲ್ಲ ಎಂದು ಮಾತ್ರ ಯಾರೂ ಓದಬಾರದು.

ಇಲ್ಲಿ ಪಂಡಿತರಲ್ಲೇ ಎರಡು ಪಕ್ಷಗಳಿವೆ. ಪರಿವರ್ತನೆಯಲ್ಲಿರುವ ಎರಡು ಗ್ರಹಗಳನ್ನೂ ಅವರವರ ಮನೆಗೆ ವಾಪಸ್ಸು ಕಳಿಸಿ, ಸ್ವಕ್ಷೇತ್ರದಲ್ಲೇ ಇದ್ದಾರೆ ಎಂದು ತಿಳಿದು ಫಲ ಹೇಳುವುದು ಒಂದು ಪಕ್ಷ. ಈ ಲೆಕ್ಕದಲ್ಲಿ ನೀಚತ್ವ, ಶತ್ರುಕ್ಷೇತ್ರ ಎಲ್ಲವೂ ಅಳಿಸಿಹೋಗುತ್ತವೆ. ಕೇಳುವವರಿಗೂ ಹಿತ, ಹೇಳುವವರಿಗೂ ಹಿತ. ಗ್ರಹ ಕೂತಲ್ಲೇ ಕೂತಿದೆ, ಅದರ ಬಲ ಇದ್ದಷ್ಟೇ ಇದೆ, ಆದರೆ ಎರಡು ಮನೆಗಳ ನಡುವೆ ಬಿಡಿಸಲಾಗದ ವ್ಯವಹಾರ ಏರ್ಪಟ್ಟಿದೆ ಎನ್ನುವುದು ಇನ್ನೊಂದು ಪಕ್ಷ. ನನಗೆ ಎರಡನೆಯದೇ ಸರಿ ಕಾಣುತ್ತದೆ. ಮನೆ ಬದಲಾಯಿಸಿಕೊಂಡದ್ದರಿಂದ ಗ್ರಹದ ಡಿಗ್ರಿ ಬದಲಾಗುವುದಿಲ್ಲ, ಅದರ ನಕ್ಷತ್ರ ಬದಲಾಗುವುದಿಲ್ಲ, ಅದು ಬೀರುವ ದೃಷ್ಟಿಯೂ ಕೂತ ಜಾಗದಿಂದಲೇ ಹೊರಡುತ್ತದೆ. ಮೊದಲ ಪಕ್ಷವನ್ನು ನಂಬಿದರೆ ಇಂದಿರಾ ಅವರ ಕುಂಡಲಿಯಲ್ಲಿ ಆರು ಗ್ರಹ ಸ್ವಕ್ಷೇತ್ರದಲ್ಲಿ ವಿರಾಜಮಾನವಾಗಿಬಿಡುತ್ತವೆ. ಅಂಥ ಜಾತಕದವರಿಗೆ ಇಷ್ಟೊಂದು ಏರಿಳಿತ ಯಾಕೆ ಬಂತು ಎಂಬುದಕ್ಕೆ ಆಗ ಉತ್ತರವಿರುವುದಿಲ್ಲ.

ಎಲ್ಲ ಪರಿವರ್ತನೆಯೂ ಒಂದೇ ತೂಕದ್ದಲ್ಲ ಎಂಬುದನ್ನು ಹಳಬರು ಚೆನ್ನಾಗಿ ಕಂಡಿದ್ದರು. ಮಂತ್ರೇಶ್ವರನ 'ಫಲದೀಪಿಕಾ'ದಲ್ಲಿ ಲಗ್ನದಿಂದ ಎಣಿಸಿದ ಹನ್ನೆರಡು ಭಾವಗಳ ಅಧಿಪತಿಗಳು ಪರಸ್ಪರ ಬದಲಾಗುವ 66 ಯೋಗಗಳನ್ನು ಮೂರು ಗುಂಪು ಮಾಡಲಾಗಿದೆ. ಆರು, ಎಂಟು, ಹನ್ನೆರಡು ದುಃಸ್ಥಾನಗಳು: ರೋಗ-ಋಣ-ಶತ್ರುಗಳ ಮನೆ, ಆಯುಷ್ಯದ ಮನೆ, ವ್ಯಯದ ಮನೆ. ಈ ಮೂರರ ಅಧಿಪತಿಗಳಲ್ಲಿ ಒಬ್ಬ ಸೇರಿದರೂ ಸಾಕು, ಅದು ದೈನ್ಯ ಯೋಗ, ಇಂಥವು 30. ದುಃಸ್ಥಾನಗಳನ್ನು ಬಿಟ್ಟು ಮೂರನೇ ಮನೆಯ ಒಡೆಯ ಬೇರೆ ಯಾರೊಂದಿಗೆ ಬದಲಾದರೂ ಖಲ ಯೋಗ, ಇವು 8. ಮಿಕ್ಕ 28 ಮಹಾಯೋಗಗಳು. ಲೆಕ್ಕ ಹಾಕಲು ಅಂದವಾದ ಪಟ್ಟಿ ಇದು, ಆದರೆ ಆಕಾಶ ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಒಬ್ಬನೇ ಗ್ರಹಕ್ಕೆ ಎರಡು ಮನೆಗಳಿರುವಾಗ ಆ ಎರಡರ ನಡುವೆ ಬದಲಾವಣೆ ಎಲ್ಲಿಂದ ಬರಬೇಕು? ಹಾಗೆಯೇ ಬುಧ ರವಿಯಿಂದ 28 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದಿಲ್ಲವಾದ್ದರಿಂದ ರವಿ ಮಿಥುನದಲ್ಲಿ, ಬುಧ ಸಿಂಹದಲ್ಲಿ ಇರುವುದು ಯಾವತ್ತೂ ಆಗದ ಮಾತು. ರವಿ ಕನ್ಯೆಯಲ್ಲಿ, ಬುಧ ಸಿಂಹದಲ್ಲಿ ಇರಬಹುದು.

ಇನ್ನು ಜಾತಕಕ್ಕೆ ಬರೋಣ. ಹುಟ್ಟಿದ್ದು 1917ರ ನವೆಂಬರ್ 19ರ ರಾತ್ರಿ, ಅಲಹಾಬಾದಿನಲ್ಲಿ. ಜ್ಯೋತಿಷಿಗಳು ಬಳಸುವ ಸಮಯ ರಾತ್ರಿ 11 ಗಂಟೆ 11 ನಿಮಿಷ. ಲಗ್ನ ಕಟಕ. ಆಗ ಶನಿ-ಚಂದ್ರರದು ಒಂದು-ಏಳರ ಪರಿವರ್ತನೆ, ರವಿ-ಕುಜರದು ಎರಡು-ಐದರದು, ಎರಡೂ ಮಹಾಯೋಗ. ಗುರು-ಶುಕ್ರರದು ಆರು-ಹನ್ನೊಂದರ ಪರಿವರ್ತನೆ, ಆರು ಸೇರಿದ್ದರಿಂದ ದೈನ್ಯ ಯೋಗ.

ರವಿ-ಕುಜರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಬ್ಬರೂ ಮಿತ್ರರು, ಪರಿವರ್ತನೆ ಇಲ್ಲದಿದ್ದರೂ ಒಬ್ಬರ ಮನೆಯಲ್ಲಿ ಒಬ್ಬರಿಗೆ ಕಷ್ಟವಿಲ್ಲ. ಮಾತಿನ, ಕುಟುಂಬದ ಎರಡನೇ ಮನೆಗೂ ಬುದ್ಧಿಯ, ಸಂತಾನದ ಐದನೇ ಮನೆಗೂ ಇವರು ಸೇತುವೆ ಹಾಕುತ್ತಾರೆ. ಕಟಕ ಲಗ್ನಕ್ಕೆ ಕುಜ ಐದು ಮತ್ತು ಹತ್ತರ ಒಡೆಯನಾಗಿ ಯೋಗಕಾರಕ ಬೇರೆ.

ಶನಿ-ಚಂದ್ರರ ಜೋಡಿ ಹಾಗಲ್ಲ. ಕಟಕ ಲಗ್ನಕ್ಕೆ ಶನಿ ಏಳು ಮತ್ತು ಎಂಟನೇ ಮನೆಗಳ ಒಡೆಯ, ಮಾರಕ. ಅವನು ತಾನು ಶತ್ರುವೆಂದು ಎಣಿಸುವ ಚಂದ್ರನ ಮನೆಯಲ್ಲಿ, ಅದೂ ಲಗ್ನದಲ್ಲೇ ಕೂತಿದ್ದಾನೆ. ಲಗ್ನಾಧಿಪತಿ ಚಂದ್ರನೋ ಶನಿಯ ಮಕರಕ್ಕೆ ಹೋಗಿ ಎದುರಿನ ಶನಿಯ ಪೂರ್ಣ ದೃಷ್ಟಿಯಲ್ಲಿ ಸಿಕ್ಕಿದ್ದಾನೆ. ಪರಿವರ್ತನೆಯ ವಿಷಯವನ್ನೇ ಮರೆತು ಓದಿದರೆ ಇದು ಕಠಿಣ ಚಿತ್ರ: ಒಂಟಿತನ, ಬಿಗುಮಾನ, ಬಾಲ್ಯದಲ್ಲಿ ತಾಯಿಯ ಚಿಂತೆ, ದಾಂಪತ್ಯದಲ್ಲಿ ಅಂತರ. ಇವು ಬರಲಿಲ್ಲವೇ? ಬಂದವು. ತಾಯಿ ಕಮಲಾ ವರ್ಷಗಟ್ಟಲೆ ಕ್ಷಯದಿಂದ ನರಳಿ 1936ರಲ್ಲಿ ಸ್ವಿಟ್ಜರ್ಲೆಂಡಿನ ಲಾಸಾನ್‌ನಲ್ಲಿ ತೀರಿಕೊಂಡರು. 1942ರಲ್ಲಿ ಮದುವೆಯಾದ ಫಿರೋಜ್ ಗಾಂಧಿ 1960ರಲ್ಲಿ ಹೃದಯಾಘಾತದಿಂದ ಹೋದರು, ಅದಕ್ಕೂ ಬಹಳ ಮೊದಲೇ ಗಂಡಹೆಂಡಿರು ಬೇರೆ ಬೇರೆ ಮನೆಗಳಲ್ಲಿದ್ದರು. ಪರಿವರ್ತನೆ ಇದನ್ನೆಲ್ಲ ತಡೆಯಲಿಲ್ಲ. ಆದರೆ ಅದೇ ಕಟ್ಟು, ಏಳನೇ ಮನೆಯನ್ನು ಎದುರಿಗಿರುವ ಜನ ಎಂದು ತಿಳಿದರೆ, 'ನಾನು' ಮತ್ತು 'ಜನ'ರನ್ನು ಹೆಣೆದುಬಿಡುತ್ತದೆ. ಲಗ್ನಾಧಿಪತಿ ಜನರ ನಡುವೆ, ಜನರ ಮನೆಯ ಒಡೆಯ ತನ್ನ ಮೈಮೇಲೆ. ಮನೆಯೊಳಗೆ ಸಿಗದ ಆಸರೆ ಹೊರಗಿನ ಗುಂಪಿನಲ್ಲಿ ಸಿಗುವುದು, ಗುಂಪಿನ ಜೊತೆಗಿನ ಸಂಬಂಧವೇ ಬದುಕಾಗುವುದು ಹೀಗೆ ಎನ್ನುತ್ತಾರೆ ಪಂಡಿತರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ವೃಷಭದಲ್ಲಿರುವ ಗುರುವಿನ ಒಂಬತ್ತನೇ ದೃಷ್ಟಿ ಮಕರದ ಚಂದ್ರನ ಮೇಲೆ ಬೀಳುತ್ತದೆ. ಚಂದ್ರನಿಗೆ ಸಿಕ್ಕ ಸಮಾಧಾನದಲ್ಲಿ ಗುರುದೃಷ್ಟಿಯ ಪಾಲೆಷ್ಟು, ಪರಿವರ್ತನೆಯ ಪಾಲೆಷ್ಟು ಎಂದು ಬೇರೆ ಮಾಡುವುದು ಕಷ್ಟ. ಎಲ್ಲವನ್ನೂ ಪರಿವರ್ತನೆಯ ಖಾತೆಗೆ ಬರೆಯುವವರು ಈ ದೃಷ್ಟಿಯನ್ನು ನೋಡಿಯೇ ಇರುವುದಿಲ್ಲ.

ಮೂರನೇ ಜೋಡಿಯೇ ಹೆಚ್ಚು ಕಲಿಸುವಂಥದ್ದು, ಯಾಕೆಂದರೆ ಶಾಸ್ತ್ರ ಅದನ್ನು ದೈನ್ಯವೆಂದು ಕರೆದಿದೆ. ಶುಕ್ರ ನಾಲ್ಕು ಮತ್ತು ಹನ್ನೊಂದರ ಒಡೆಯ. ಸುಖಕ್ಕೂ ಲಾಭಕ್ಕೂ ಅವನೇ ಅಧಿಪತಿ. ಅವನು ಆರನೇ ಮನೆಯಲ್ಲಿ ಶತ್ರುಗಳ ನಡುವೆ, ಜೊತೆಗೆ ರಾಹು. ಸಾಮಾನ್ಯ ಜಾತಕದಲ್ಲಿ ಇದು ಕೈಗೆ ಬಂದ ಲಾಭವನ್ನು ವೈರಿಗಳು ಕಿತ್ತುಕೊಳ್ಳುವ ಯೋಗ. ಗುರು ಆರು ಮತ್ತು ಒಂಬತ್ತರ ಒಡೆಯ, ವೃಷಭದಲ್ಲಿ ತನ್ನ ಶತ್ರುವಿನ ಮನೆಯಲ್ಲಿ ವಕ್ರನಾಗಿದ್ದಾನೆ. ವೃಷಭಕ್ಕೂ ಧನುಸ್ಸಿಗೂ ಪರಸ್ಪರ ಆರು-ಎಂಟರ ಸಂಬಂಧ, ಅಂದರೆ ಷಷ್ಟಾಷ್ಟಕ. ಗುರು-ಶುಕ್ರರು ಮನೆ ಬದಲಾಯಿಸಿಕೊಂಡಿದ್ದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಪಶ್ಚಿಮದ ಹಳೆಯ ಜ್ಯೋತಿಷದಲ್ಲೂ ಈ ಪರಸ್ಪರ ಸ್ವೀಕಾರದ ವಿಚಾರ ಇದೆ. 1647ರಲ್ಲಿ ಲಂಡನ್ನಿನ ವಿಲಿಯಂ ಲಿಲ್ಲಿ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾನೆ. ಆ ಪರಂಪರೆಯ ಮಧ್ಯಯುಗದ ಪಂಡಿತರಲ್ಲಿ ಹಲವರು ದೃಷ್ಟಿಯೂ ಇದ್ದರೆ ಮಾತ್ರ ಸ್ವೀಕಾರ ಪೂರ್ಣ ಎಂದು ಹಟ ಹಿಡಿಯುತ್ತಿದ್ದರು. ಅವರ ಪ್ರಕಾರ ಶನಿ-ಚಂದ್ರರ ಜೋಡಿ ಗಟ್ಟಿ, ಗುರು-ಶುಕ್ರರದು ಕಾಗದದ ಮೇಲಿನ ಒಪ್ಪಂದ. ನಮ್ಮಲ್ಲಿ ದೃಷ್ಟಿ ಬೇಕೇಬೇಕು ಎಂಬ ನಿಯಮವಿಲ್ಲ, ಆದರೂ ಷಷ್ಟಾಷ್ಟಕದ ಪರಿವರ್ತನೆ ನೆಮ್ಮದಿಯಾಗಿ ಫಲ ಕೊಡುವುದಿಲ್ಲ ಎಂಬ ಮಾತು ಇದೆ.

ಪರಿವರ್ತನೆಯ ಫಲ ಬದುಕಿನುದ್ದಕ್ಕೂ ಸಮನಾಗಿ ಹರಡಿರುವುದಿಲ್ಲ, ಆಯಾ ಗ್ರಹದ ದಶೆ-ಭುಕ್ತಿಯಲ್ಲಿ ಎದ್ದು ಕಾಣುತ್ತದೆ. ಚಂದ್ರ ಮಕರದ ಐದೂವರೆ ಡಿಗ್ರಿ ದಾಟಿ ಉತ್ತರಾಷಾಢ ನಕ್ಷತ್ರದಲ್ಲಿದ್ದಾನೆ. ಅದರಿಂದ ಹುಟ್ಟಿದಾಗ ರವಿ ದಶೆಯಲ್ಲಿ ಉಳಿದದ್ದು ಸುಮಾರು ಎರಡು ವರ್ಷ. ಆಮೇಲೆ ಚಂದ್ರ, ಕುಜ, ರಾಹು ದಶೆಗಳು ಮುಗಿದು 1954ರ ಕೊನೆಗೆ ಗುರು ದಶೆ, 1970ರ ಕೊನೆಗೆ ಶನಿ ದಶೆ. ಗುರು ದಶೆಯಲ್ಲಿ ಭಾಗ್ಯದ, ತಂದೆಯ ಒಂಬತ್ತನೇ ಮನೆಯ ಒಡೆಯ ಲಾಭಸ್ಥಾನದಿಂದ ಕೊಟ್ಟ: 1959ರಲ್ಲಿ ಕಾಂಗ್ರೆಸ್ ಅಧ್ಯಕ್ಷತೆ, 1966ರ ಜನವರಿಯಲ್ಲಿ ಪ್ರಧಾನಿ ಪಟ್ಟ. ಅದೇ ಗುರು ಆರರ ಒಡೆಯನೂ ಹೌದಲ್ಲ, ದಶೆ ಮುಗಿಯುವ ಮುಂಚಿನ ವರ್ಷ, 1969ರಲ್ಲಿ, ಸ್ವಂತ ಪಕ್ಷದ ಹಿರಿಯರೇ ವೈರಿಗಳಾಗಿ ಕಾಂಗ್ರೆಸ್ ಒಡೆಯಿತು. ಒಡೆದದ್ದರಿಂದ ಗೆದ್ದವರು ಯಾರು ಎಂದು ಕೇಳಿದರೆ ಆರು-ಹನ್ನೊಂದರ ಪರಿವರ್ತನೆಯ ಸ್ವಭಾವ ತಿಳಿಯುತ್ತದೆ. ಶತ್ರು ಇಲ್ಲದೆ ಲಾಭವಿಲ್ಲ, ಲಾಭ ಬಂದಾಗ ಶತ್ರುವೂ ಜೊತೆಗೇ ಬರುತ್ತಾನೆ.

ಇದು ಇನ್ನೂ ಹತ್ತಿರದಿಂದ ಕಾಣುವುದು ಶನಿ ದಶೆಯ ಶುಕ್ರ ಭುಕ್ತಿಯಲ್ಲಿ. ಲಾಹಿರಿ ಅಯನಾಂಶದ ಲೆಕ್ಕದಲ್ಲಿ ಅದು 1977ರ ಆಗಸ್ಟ್-ಸೆಪ್ಟೆಂಬರಿನಿಂದ 1980ರ ಅಕ್ಟೋಬರ್-ನವೆಂಬರ್ ತನಕ. ಆ ಮಾರ್ಚಿನಲ್ಲಿ ರಾಯಬರೇಲಿಯಲ್ಲಿ ಸೋತು ಅಧಿಕಾರ ಕಳೆದುಕೊಂಡಿದ್ದರು. ಅದು ಹನ್ನೆರಡನೇ ಮನೆಯ ಕೇತುವಿನ ಭುಕ್ತಿ. ಶುಕ್ರ ಬಂದನೆಂದು ಕಷ್ಟ ತೀರಲಿಲ್ಲ. 1977ರ ಅಕ್ಟೋಬರ್ 3ರಂದು ಜನತಾ ಸರ್ಕಾರ ಬಂಧಿಸಿತು. ಆರೋಪಕ್ಕೆ ಆಧಾರವಿಲ್ಲವೆಂದು ನ್ಯಾಯಾಧೀಶರು ಮರುದಿನವೇ ಬಿಟ್ಟರು, ಬಂಧನದಿಂದ ಲಾಭವಾದದ್ದು ಬಂಧಿತರಿಗೇ. ಮುಂದಿನ ವರ್ಷ ನಮ್ಮ ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿಕೊಟ್ಟರು. 1978ರ ನವೆಂಬರಿನ ಆ ಉಪಚುನಾವಣೆಯಲ್ಲಿ ಎದುರಿಗೆ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಅದೇ ಲೋಕಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಅವರ ಸದಸ್ಯತ್ವ ಕಿತ್ತು, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳಿಸಿತು. ಗೆದ್ದ ಮರುತಿಂಗಳೇ ಜೈಲು! 1980ರ ಜನವರಿಯಲ್ಲಿ ಪುನಃ ಪ್ರಧಾನಿ. ಅದೇ ವರ್ಷ ಜೂನ್ 23ರಂದು ವಿಮಾನ ಅಪಘಾತದಲ್ಲಿ ಮಗ ಸಂಜಯ್ ಸಾವು.

ಮೂರು ವರ್ಷದ ಒಂದು ಭುಕ್ತಿಯಲ್ಲಿ ಎರಡು ಸಲ ಬಂಧನ, ಒಂದು ಚರಿತ್ರಾರ್ಹ ಗೆಲುವು, ಮರಳಿ ಪಟ್ಟ, ಪುತ್ರಶೋಕ. 'ಪರಿವರ್ತನೆ ದೋಷವನ್ನು ಮೃದುಗೊಳಿಸುತ್ತದೆ' ಎಂಬ ಮಾತಿಗೆ ಇಲ್ಲಿ ಯಾವ ಅರ್ಥ ಉಳಿಯುತ್ತದೆ ಎಂದು ಓದುಗರು ಕೇಳಬಹುದು. ಆರನೇ ಮನೆಯ ಶುಕ್ರ ಶತ್ರುಗಳನ್ನು ಕಡಿಮೆ ಮಾಡಲಿಲ್ಲ. ಶತ್ರುಗಳ ಹೊಡೆತ ಮಾತ್ರ ಪ್ರತಿಸಲವೂ ಹನ್ನೊಂದನೇ ಮನೆಗೆ ದಾಟಿ ಲಾಭವಾಗಿ ಹೊರಬಂತು: ಬಂಧನ ಅನುಕಂಪವಾಯಿತು, ಉಚ್ಚಾಟನೆ ಪ್ರಚಾರವಾಯಿತು. ಪರಿವರ್ತನೆ ಇಲ್ಲದೆ ಬರೀ ಆರರಲ್ಲಿ ಕೂತ ಲಾಭಾಧಿಪತಿಯಿಂದ ಈ ವಾಪಸಾತಿ ಬರುವುದಿಲ್ಲ ಎನ್ನುತ್ತದೆ ಶಾಸ್ತ್ರ. ಹಾಗೆಂದು ಶುಕ್ರನಿಗೆ ಸಂಬಂಧವೇ ಇಲ್ಲದ ಐದನೇ ಮನೆಯ ನಷ್ಟವನ್ನು ಈ ಜೋಡಿ ತಡೆಯಬೇಕಾಗಿಯೂ ಇರಲಿಲ್ಲ, ತಡೆಯಲೂ ಇಲ್ಲ. ಪರಿವರ್ತನೆಯ ಆಸರೆ ಆ ಎರಡು ಗ್ರಹಗಳ ಮನೆಗಳ ಮಟ್ಟಿಗೆ ಮಾತ್ರ. ಇಡೀ ಜಾತಕಕ್ಕೆ ಅದು ಕೊಡೆ ಹಿಡಿಯುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ಎರಡು ಮನೆಗಳನ್ನು ಬೆಸೆದಾಗ ಒಳ್ಳೆಯದು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ ಎಂಬುದಕ್ಕೆ ಶನಿ-ಚಂದ್ರರೇ ಸಾಕ್ಷಿ. ಶನಿ ದಶೆಯಲ್ಲಿ ಚಂದ್ರ ಭುಕ್ತಿ 1981ರ ಅಕ್ಟೋಬರಿನಿಂದ 1983ರ ಮೇ ತನಕ. ಮನೆ ಬದಲಾಯಿಸಿಕೊಂಡ ಇಬ್ಬರದೇ ಕಾಲ, ಅದೂ ಮಹಾಯೋಗ. ದೊಡ್ಡ ಫಲ ಬರಬೇಕಿತ್ತು. 1982ರ ನವೆಂಬರಿನ ದೆಹಲಿ ಏಷ್ಯನ್ ಕ್ರೀಡಾಕೂಟ, 1983ರ ಮಾರ್ಚಿನ ಅಲಿಪ್ತ ರಾಷ್ಟ್ರಗಳ ಸಮ್ಮೇಳನ, ಇವು ಬಂದವು. ಇವುಗಳ ನಡುವೆ, 1983ರ ಜನವರಿಯಲ್ಲಿ, ಕರ್ನಾಟಕ ಮತ್ತು ಆಂಧ್ರ ಎರಡೂ ಕಾಂಗ್ರೆಸ್ಸಿನ ಕೈ ತಪ್ಪಿದವು. ಇಲ್ಲಿ ರಾಮಕೃಷ್ಣ ಹೆಗಡೆ, ಅಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿಗಳಾದರು. ಜನರ ಮನೆಯೇ ಏಳನೆಯದಾದರೆ ಜನ ಅಂದು ಬೇರೆ ಮಾತು ಹೇಳಿದ್ದರು. ಶನಿ ಎಂಟರ ಒಡೆಯನೂ ಆಗಿರುವಾಗ ಅವನ ಕೈಹಿಡಿದ ಚಂದ್ರನಿಗೆ ಎಂಟರ ಸೋಂಕು ತಗಲದೆ ಇರುತ್ತದೆಯೇ? ಎರಡು ಮನೆಯ ಒಡೆಯನೊಬ್ಬ ಪರಿವರ್ತನೆಯಲ್ಲಿದ್ದರೆ ಅವನ ಇನ್ನೊಂದು ಮನೆಯನ್ನೂ ನೋಡಬೇಕು. ಯೋಗದ ಹೆಸರು ಓದಿ ಸಂಭ್ರಮಿಸುವವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಇಷ್ಟೆಲ್ಲ ಹೊಂದಿಕೆಯಾದದ್ದು ನೋಡಿ ಯಾರಾದರೂ ಬೆರಗಾಗಿದ್ದರೆ ಅವರಿಗೆ ಇನ್ನೊಂದು ಸಂಗತಿ ಹೇಳಬೇಕು. ಹನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ ಲಗ್ನ ಕಟಕದ 27 ಡಿಗ್ರಿಯಲ್ಲಿದೆ. ಹೆರಿಗೆಯ ಗಡಿಯಾರ ಒಂದು ಕಾಲು ಗಂಟೆ ಹಿಂದಿತ್ತು ಎಂದಿಟ್ಟುಕೊಳ್ಳಿ, ಲಗ್ನ ಸಿಂಹವಾಗುತ್ತದೆ. ಗ್ರಹಗಳು ಅಲ್ಲೇ ಇರುತ್ತವೆ, ಮೂರು ಪರಿವರ್ತನೆಗಳೂ ಹಾಗೇ ಇರುತ್ತವೆ, ಭಾವಗಳು ಮಾತ್ರ ಪೂರ್ತಿ ಬದಲು. ಶನಿ-ಚಂದ್ರರದು ಆರು-ಹನ್ನೆರಡರ ದೈನ್ಯವಾಗುತ್ತದೆ, ಆದರೆ ದುಃಸ್ಥಾನದವರೇ ತಮ್ಮೊಳಗೆ ಬದಲಾದದ್ದರಿಂದ ಅದನ್ನು ವಿಪರೀತ ರಾಜಯೋಗ ಎಂದು ಕೊಂಡಾಡಬಹುದು. ರವಿ-ಕುಜರದು ಒಂದು-ನಾಲ್ಕರ ಮಹಾಯೋಗ. ದೈನ್ಯವಾಗಿದ್ದ ಗುರು-ಶುಕ್ರರದು ಐದು-ಹತ್ತರ ರಾಜಯೋಗವಾಗಿಬಿಡುತ್ತದೆ. ಆ ಜಾತಕವನ್ನು ಹಿಡಿದುಕೊಂಡೂ ಇದೇ ಬದುಕನ್ನು ಇಷ್ಟೇ ಚೆನ್ನಾಗಿ ವಿವರಿಸಬಹುದು. ನಡೆದದ್ದು ಗೊತ್ತಿರುವಾಗ ಗ್ರಹಗಳಿಂದ ಮಾತು ಹೊರಡಿಸುವುದು ಅಷ್ಟು ಸುಲಭ. ಮುಂದಿನದನ್ನು ಹೇಳುವಾಗ ಈ ಸುಲಭ ಇರುವುದಿಲ್ಲ.

ಅಯನಾಂಶದ ತಕರಾರು ಬೇರೆ. ಬೆಂಗಳೂರಿನ ಬಿ.ವಿ. ರಾಮನ್ ತಮ್ಮದೇ ಅಯನಾಂಶ ಬಳಸುತ್ತಿದ್ದರು. ಅದಕ್ಕೂ ಲಾಹಿರಿಗೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ರಾಮನ್ ಲೆಕ್ಕದಲ್ಲಿ ಇಂದಿರಾ ಅವರ ದಶೆಗಳೆಲ್ಲ ಎಂಟು ತಿಂಗಳಷ್ಟು ಮೊದಲೇ ಶುರುವಾಗುತ್ತವೆ. ಆಗ 1977ರ ಸೋಲೂ ಶುಕ್ರ ಭುಕ್ತಿಗೇ ಬೀಳುತ್ತದೆ, ಸಂಜಯ್ ಸಾವು ಐದನೇ ಮನೆಯಲ್ಲೇ ಕೂತ ರವಿಯ ಭುಕ್ತಿಗೆ ಹೋಗುತ್ತದೆ. ಮೇಲೆ ನಾನು ಹೇಳಿದ ಶುಕ್ರನ ಕಥೆ ಆಗ ಸ್ವಲ್ಪ ಬೇರೆಯಾಗುತ್ತದೆ. ಚಿಕ್ಕಮಗಳೂರೂ 1980ರ ಜನವರಿಯೂ ಎರಡು ಲೆಕ್ಕದಲ್ಲೂ ಶುಕ್ರನಲ್ಲೇ ಉಳಿಯುತ್ತವೆ.

ಪರಿವರ್ತನೆ ಅಷ್ಟೇನೂ ದುರ್ಲಭವಲ್ಲ ಎಂಬುದನ್ನೂ ನೆನಪಿಡಬೇಕು. 2025ರ ಜನವರಿ ಕೊನೆಯಿಂದ ಮೇ ಮಧ್ಯದವರೆಗೆ ಗುರು ವೃಷಭದಲ್ಲಿ, ಶುಕ್ರ ಮೀನದಲ್ಲಿ ಇದ್ದರು. ಆ ಮೂರೂವರೆ ತಿಂಗಳಲ್ಲಿ ಲೋಕದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಗುರು-ಶುಕ್ರ ಪರಿವರ್ತನೆ ಇದೆ, ಮೀನ ಶುಕ್ರನಿಗೆ ಉಚ್ಚ ರಾಶಿಯೂ ಹೌದು. ಎಲ್ಲರಿಗೂ ಇರುವುದು ಒಬ್ಬೊಬ್ಬರಿಗೆ ಯಾವ ಫಲ ಕೊಡುತ್ತದೆ ಎಂಬುದನ್ನು ಲಗ್ನ ತೀರ್ಮಾನಿಸುತ್ತದೆ, ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಆದ್ದರಿಂದ ಜನ್ಮಸಮಯ ಗೊತ್ತಿಲ್ಲದವರಿಗೆ ಪರಿವರ್ತನೆ ಇದೆ ಎಂದಷ್ಟೇ ಹೇಳಬಹುದು, ಅದು ದೈನ್ಯವೋ ಮಹಾಯೋಗವೋ ಹೇಳಲಾಗದು.

ನಿಮ್ಮ ಕುಂಡಲಿಯಲ್ಲಿ ಹುಡುಕುವುದಾದರೆ ರಾಶಿಗಳನ್ನು ಮಾತ್ರ ನೋಡಿ ನಿಲ್ಲಬೇಡಿ, ಡಿಗ್ರಿಗಳನ್ನೂ ನೋಡಿ. ಎರಡರಲ್ಲಿ ಒಂದು ಗ್ರಹ ರವಿಗೆ ತೀರ ಹತ್ತಿರವಿದ್ದು ಅಸ್ತವಾಗಿದ್ದರೆ ಅದು ಕೊಡಬೇಕಾದ ಆಸರೆಯನ್ನು ಕೊಡಲಾರದು, ಒಪ್ಪಂದ ಒಂಟಿಕಾಲಿನದಾಗುತ್ತದೆ. ಇಂದಿರಾ ಅವರ ಶುಕ್ರನ ಜೊತೆ ಇರುವ ಹಾಗೆ ರಾಹುವೋ ಕೇತುವೋ ಒಂದು ಗ್ರಹದ ಮಗ್ಗುಲಲ್ಲಿದ್ದರೆ ಫಲ ಬಂದರೂ ಗದ್ದಲದ ನಡುವೆ ಬರುತ್ತದೆ. ಗ್ರಹ ರಾಶಿಯ ಮೊದಲ ಅಥವಾ ಕೊನೆಯ ಒಂದೆರಡು ಡಿಗ್ರಿಗಳಲ್ಲಿದ್ದರೆ ಇನ್ನೊಂದು ಪಂಚಾಂಗದಿಂದಲೂ ಲೆಕ್ಕ ಹಾಕಿಸಿ. ಅಯನಾಂಶ ಬದಲಾದರೆ ಅದು ಪಕ್ಕದ ರಾಶಿಗೆ ಸರಿದು ಪರಿವರ್ತನೆಯೇ ಇಲ್ಲವಾಗಬಹುದು. ಇಂದಿರಾ ಅವರ ಆರು ಗ್ರಹಗಳಲ್ಲಿ ಒಂದೂ ಹಾಗೆ ಅಂಚಿನಲ್ಲಿಲ್ಲ: ರವಿ 4 ಡಿಗ್ರಿ, ಚಂದ್ರ 5, ಗುರು 15, ಕುಜ 16, ಶುಕ್ರ ಮತ್ತು ಶನಿ 21ರ ಆಸುಪಾಸು. ಲಗ್ನ ಯಾವುದೆಂಬ ಜಗಳ ಬಗೆಹರಿಯದಿದ್ದರೂ ಮೂರು ಪರಿವರ್ತನೆಗಳ ಮಟ್ಟಿಗೆ ಯಾವ ಪಂಚಾಂಗಕ್ಕೂ ಭಿನ್ನಾಭಿಪ್ರಾಯವಿಲ್ಲ.